ಕಚೇರಿ ಬದಲಾದಾಗ ಸುತ್ತೋಲೆಯಲ್ಲಿ ಏನಿರಬೇಕು

ಕೇಳುಗರೇ, ನಮಸ್ಕಾರ. ಊರೊಳಗೇ ಕಚೇರಿ ಬದಲಾಯಿಸುವವರು ಸಿಬ್ಬಂದಿಗೆ ಸುತ್ತೋಲೆ ಕಳಿಸುತ್ತಾರೆ. ‘ಶೀಘ್ರದಲ್ಲೇ ಹೊಸ ಕಟ್ಟಡಕ್ಕೆ ಸ್ಥಳಾಂತರ’ ಎಂದಿರುತ್ತದೆ. ದಯವಿಟ್ಟು ಹಾಗೆ ಬರೆಯಬೇಡಿ. ಸೋಮವಾರ ಬೆಳಿಗ್ಗೆ ಎಲ್ಲಿ ಇಳಿಯಬೇಕು, ಅಲ್ಲಿಂದ ಹೇಗೆ ಹೋಗಬೇಕು, ಅದನ್ನು ಬರೆಯಿರಿ.

ಒಂದು ಉದಾಹರಣೆ ತಗೊಳ್ಳೋಣ. ದಾವಣಗೆರೆ ಮಂಡಿಪೇಟೆಯಲ್ಲಿದ್ದ ಕಚೇರಿ ಹದಡಿ ರಸ್ತೆಗೆ ಹೋಗುತ್ತಿದೆ ಅನ್ನಿ. ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಿಂದ ನಾಲ್ಕು ಜನ ಬಸ್ಸಿಗೆ ಬರುತ್ತಾರೆ. ಇಷ್ಟು ದಿನ ಪಿ.ಬಿ. ರಸ್ತೆಯಲ್ಲಿ ಇಳಿದು ನಡೆದೇ ಕಚೇರಿ ಸೇರುತ್ತಿದ್ದರು. ಇನ್ನು ಅವರಿಗೆ ನಗರ ಸಾರಿಗೆ ಬಸ್ಸೋ ಆಟೋನೋ ಬೇಕು. ದಿನಕ್ಕೆ ಎರಡು ಸಲ ಆ ಖರ್ಚು, ಮೇಲೆ ಕಾಯುವ ಹೊತ್ತು. ಆದ್ದರಿಂದ ಸುತ್ತೋಲೆ ಬರೆಯುವವರು ಮೊದಲು ಕಚೇರಿ ವೇಳೆಗೇ ಆ ದಾರಿಯಲ್ಲಿ ಹೋಗಿ ಬರಬೇಕು. ಭಾನುವಾರ ಕಾರಿನಲ್ಲಿ ಹೋಗಿ ‘ಹತ್ತೇ ನಿಮಿಷ’ ಎಂದು ಬರೆದರೆ, ಬಸ್ಸಿಗೆ ಬರುವವರಿಗೆ ಅದು ಸುಳ್ಳಾಗುತ್ತದೆ. ಸಂಜೆ ಹಿಂತಿರುಗುವ ಬಸ್ಸನ್ನೂ ನೋಡಿಕೊಳ್ಳಿ. ಬೆಳಿಗ್ಗೆ ಸಿಕ್ಕಷ್ಟು ಬಸ್ಸು ಸಂಜೆ ಏಳರ ಮೇಲೆ ಸಿಗದಿರಬಹುದು.

ಈ ನಾಲ್ವರಲ್ಲಿ ತಿಂಗಳ ಪಾಸು ತೆಗೆಸಿದವರಿದ್ದರೆ ಇನ್ನೊಂದು ತೊಡಕು. ತಿಂಗಳ ನಡುವೆ ದಾರಿ ಬದಲಾದರೆ ಮಿಕ್ಕ ದಿನಗಳ ದುಡ್ಡು ದಂಡ. ಅವರು ಮುಂದಿನ ಪಾಸು ತೆಗೆಸುವ ಮೊದಲೇ ವಿಷಯ ಗೊತ್ತಾಗಬೇಕು. ಅಂದರೆ ನಾಲ್ಕು ವಾರ ಮುಂಚೆ ಸುತ್ತೋಲೆ, ಒಂದು ವಾರ ಮುಂಚೆ ನೆನಪೋಲೆ, ಹಿಂದಿನ ದಿನ ಮೊಬೈಲಿಗೆ ಒಂದು ಸಾಲು.

ದಿನಾಂಕವನ್ನು ವಾರದ ಜೊತೆಗೇ ಕೊಡಿ. ‘ಮಾರ್ಚ್ 6, ಶುಕ್ರವಾರ ಮಧ್ಯಾಹ್ನ 2ಕ್ಕೆ ಕಂಪ್ಯೂಟರ್ ಬಂದ್, ಪೆಟ್ಟಿಗೆಗಳ ಮೇಲೆ ಹೆಸರು, ವಿಭಾಗ, ಹೊಸ ಕೋಣೆಯ ಸಂಖ್ಯೆ. 7, ಶನಿವಾರ ಸಾಗಣೆ, ಸಿಬ್ಬಂದಿಗೆ ರಜೆ. 9, ಸೋಮವಾರ ಬೆಳಿಗ್ಗೆ 10ಕ್ಕೆ ಹೊಸ ಕಟ್ಟಡದಲ್ಲಿ ಹಾಜರಿ.’ ಹಳೇ ಕಚೇರಿಯ ಕೊನೇ ದಿನವನ್ನು ಸ್ಪಷ್ಟವಾಗಿ ಹೇಳದಿದ್ದರೆ ಸೋಮವಾರ ಯಾರಾದರೂ ಹಳೇ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ. ದುಗ್ಗಮ್ಮನ ಜಾತ್ರೆಯ ವಾರದಲ್ಲಿ ಮಾತ್ರ ಸಾಗಣೆ ಇಟ್ಟುಕೊಳ್ಳಬೇಡಿ. ಹಳೇ ಊರಿನ ಬೀದಿಗಳಲ್ಲಿ ಜನವೋ ಜನ, ಲಾರಿ ನುಗ್ಗುವುದಿಲ್ಲ.

ವಿಳಾಸದಲ್ಲಿ ಕಟ್ಟಡದ ಸಂಖ್ಯೆ, ಮಹಡಿ, ಅಡ್ಡರಸ್ತೆ, ಪಿನ್ ಕೋಡ್ ಇರಲಿ. ಅದರ ಕೆಳಗೆ ಆಟೋದವರಿಗೆ ಹೇಳಬೇಕಾದ ಗುರುತು. ಮೊಬೈಲ್ ನಕ್ಷೆಯ ಕೊಂಡಿ ಹಾಕುವುದಾದರೆ ಬೇರೊಬ್ಬರ ಫೋನಿನಲ್ಲಿ ತೆರೆದು, ಅದು ಹಿಂದಿನ ಬೀದಿಗೆ ಕರೆದೊಯ್ಯುವುದಿಲ್ಲ ತಾನೇ ಎಂದು ನೋಡಿ.

ಸಮಯ ಮುಗಿಯುತ್ತಾ ಬಂತು, ಇನ್ನೆರಡನ್ನು ಬೇಗ ಹೇಳಿಬಿಡುತ್ತೇನೆ. ಬೈಕು, ಸ್ಕೂಟರ್ ಯಾವ ಗೇಟಿನಿಂದ ಒಳಗೆ, ಎಷ್ಟು ಗಾಡಿಗೆ ಜಾಗ, ಬರೆಯಿರಿ. ಮೊದಲ ವಾರ ಬೆರಳಚ್ಚು ಹಾಜರಿಗೆ ಅರ್ಧ ಗಂಟೆ ವಿನಾಯಿತಿ ಇದ್ದರೆ ಅದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಸುತ್ತೋಲೆಯಲ್ಲೇ ಹಾಕಿ. ಹರಿಹರದ ಬಸ್ಸು ಆ ವಾರ ತಡವಾದರೆ ಅವರ ಸಂಬಳ ಕಡಿತವಾಗಬಾರದು.