48 ಸಾವಿರದ ಕೆಲಸ 40 ಸಾವಿರದ ಕೆಲಸಕ್ಕಿಂತ ಅಗ್ಗ ಆಗೋದು ಹೇಗೆ?

[ತೆರೆಯ ಮೇಲೆ: ಅಕ್ಕಪಕ್ಕದಲ್ಲಿ ಎರಡು ಜಾಹೀರಾತು. ಎಡಕ್ಕೆ 40,000, ಬಲಕ್ಕೆ 48,000.]

ನಮಸ್ಕಾರ. ಇವೆರಡೂ ಬೆಂಗಳೂರಿನ ಕೆಲಸಗಳು. ಹುದ್ದೆ ಒಂದೇ, ಸಪೋರ್ಟ್ ಇಂಜಿನಿಯರ್. ಕೇಳಿರೋ ಅನುಭವವೂ ಒಂದೇ, ಎರಡು ವರ್ಷ. ಕಂಪನಿಗಳು ನಾನು ಕಲ್ಪಿಸಿಕೊಂಡಿದ್ದು, ಜಾಹೀರಾತಿನ ಭಾಷೆ ಮಾತ್ರ ನೀವು ದಿನಾ ನೋಡೋ ಭಾಷೆ. ದಾವಣಗೆರೆಯಿಂದ ಬಂದು ಪಿಜಿಯಲ್ಲಿರೋ ಒಬ್ಬ ಹುಡುಗಿಗೆ ಎರಡೂ ಕಡೆಯಿಂದ ಆಫರ್ ಬಂದಿದೆ ಅಂದುಕೊಳ್ಳಿ. ಮನೆಯಲ್ಲಿ ಕೇಳಿದರೆ ಉತ್ತರ ರೆಡಿ ಇರುತ್ತೆ: "ತಿಂಗಳಿಗೆ ಎಂಟು ಸಾವಿರ ಜಾಸ್ತಿ ಕೊಡ್ತಾರೆ, ಇದರಲ್ಲಿ ಯೋಚನೆ ಮಾಡೋಕೆ ಏನಿದೆ?"

ಇದೆ. ಬಲಗಡೆಯ ಜಾಹೀರಾತನ್ನು ಕೆಳಗಡೆ ತನಕ ಎಳೆದು ನೋಡಿ.

[ತೆರೆಯ ಮೇಲೆ: "6 ಡೇಸ್ ವರ್ಕಿಂಗ್. ಅಗತ್ಯ ಬಿದ್ದಾಗ ಸ್ಟ್ರೆಚ್ ಮಾಡಲು ಸಿದ್ಧರಿರಬೇಕು. ಆನ್-ಕಾಲ್ ರೊಟೇಷನ್ ಇರುತ್ತದೆ."]

ಸಂಬಳ ಮೇಲುಗಡೆ ದಪ್ಪಕ್ಷರದಲ್ಲಿತ್ತು. ಈ ಮೂರು ವಾಕ್ಯ ಮೆಡಿಕಲ್ ಇನ್ಶೂರೆನ್ಸು, ಫ್ರೀ ಕಾಫಿಯ ಕೆಳಗೆ ಕೂತಿವೆ. ಇವತ್ತು ಈ ಮೂರಕ್ಕೂ ರೂಪಾಯಿಯಲ್ಲಿ ಬೆಲೆ ಕಟ್ಟೋಣ.

ಮೊದಲು ಶನಿವಾರ.

ವರ್ಷಕ್ಕೆ 52 ಶನಿವಾರ. ಎಡಗಡೆಯದು ವಾರಕ್ಕೆ ಐದು ದಿನದ ಕೆಲಸ, ಅಂದರೆ ವರ್ಷಕ್ಕೆ 260 ದಿನ. ಬಲಗಡೆಯದು ಆರು ದಿನ, ಅಂದರೆ 312. ಎರಡೂ ಕಂಪನಿಯವರು 10 ಹಬ್ಬದ ರಜೆ, 18 ಗಳಿಕೆ ರಜೆ ಕೊಡ್ತಾರೆ ಅಂತ ಹಿಡಿಯಿರಿ. ಅದನ್ನು ಕಳೆದರೆ ಎಡಗಡೆಯ ಕೆಲಸಕ್ಕೆ 232 ದಿನ, ಬಲಗಡೆಯದ್ದಕ್ಕೆ 284 ದಿನ. ಊಟದ ಹೊತ್ತು ಬಿಟ್ಟು ದಿನಕ್ಕೆ 8 ಗಂಟೆ ಅಂದರೆ 1,856 ಗಂಟೆ ಒಂದು ಕಡೆ, 2,272 ಗಂಟೆ ಇನ್ನೊಂದು ಕಡೆ.

ಈಗ ವರ್ಷದ ಸಂಬಳವನ್ನು ಗಂಟೆಗಳಿಂದ ಭಾಗಿಸಿ. 4,80,000 ಭಾಗಿಸು 1,856, ಗಂಟೆಗೆ ಸುಮಾರು 259 ರೂಪಾಯಿ. 5,76,000 ಭಾಗಿಸು 2,272, ಗಂಟೆಗೆ ಸುಮಾರು 254.

ಇಲ್ಲಿಗೇ ಮುಗೀತು ನೋಡಿ. ಶೇಕಡಾ 20ರಷ್ಟು ಜಾಸ್ತಿ ಸಂಬಳವನ್ನು ಬರೀ ಶನಿವಾರವೇ ತಿಂದು ಹಾಕ್ತು. ಇನ್ನೂ ಸ್ಟ್ರೆಚ್ಚಿಗೂ ಬಂದಿಲ್ಲ, ಆನ್-ಕಾಲಿಗೂ ಬಂದಿಲ್ಲ.

ಶನಿವಾರದ್ದು ಇನ್ನೊಂದು ಲೆಕ್ಕ ಇದೆ. ಅದು ಊರಿಂದ ಬಂದವರಿಗೆ ಮಾತ್ರ ಗೊತ್ತಾಗೋದು. ಐದು ದಿನದ ಕೆಲಸದವರು ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ಎರಡು ದಿನ ಮನೆಯಲ್ಲಿದ್ದು, ಭಾನುವಾರ ರಾತ್ರಿ ವಾಪಸ್ ಹೊರಡಬಹುದು. ಒಂದು ರಜೆಯೂ ಖರ್ಚಾಗಲ್ಲ. ಆರು ದಿನದ ಕೆಲಸದವರು ಅದೇ ಪ್ರಯಾಣಕ್ಕೆ ಶನಿವಾರ ಒಂದು ರಜೆ ಹಾಕಬೇಕು. ತಿಂಗಳಿಗೊಮ್ಮೆ ಊರಿಗೆ ಹೋದರೆ 18ರಲ್ಲಿ 12 ರಜೆ ಅಲ್ಲಿಗೇ ಹೋಯ್ತು. ಮದುವೆ, ನಾಮಕರಣ, ಅಪ್ಪನ ಕಣ್ಣಿನ ಆಪರೇಷನ್ನು, ಎಲ್ಲಾ ಉಳಿದ ಆರರಲ್ಲಿ. ಕೆಲವು ಕಡೆ ಸ್ಯಾಂಡ್‌ವಿಚ್ ಲೀವ್ ನಿಯಮ ಬೇರೆ ಇರುತ್ತೆ. ಶನಿವಾರ, ಸೋಮವಾರ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ರಜೆಯಲ್ಲೇ ಕಳೀತಾರೆ. ರಜೆಯಲ್ಲಿ ರಜೆ ಕಳೆಯೋ ಈ ಬುದ್ಧಿ ಯಾರಿಗೆ ಹೊಳೀತೋ ಏನೋ!

ಎರಡನೇದು ಸ್ಟ್ರೆಚ್, ಅಂದರೆ ಹೊತ್ತು ಮೀರಿ ದುಡಿಯೋದು.

[ತೆರೆಯ ಮೇಲೆ: "ಸ್ಟ್ರೆಚ್ = ದಿನಕ್ಕೆ 1 ಗಂಟೆ?"]

ಇಂಟರ್ವ್ಯೂನಲ್ಲಿ ಕೇಳಿದರೆ ಎಚ್‌ಆರ್ ಹೇಳೋ ಮಾತು ಹೆಚ್ಚುಕಮ್ಮಿ ಒಂದೇ: "ಅಯ್ಯೋ, ಅದು ಅಪರೂಪಕ್ಕೆ ಮೇಡಂ, ರಿಲೀಸ್ ಇದ್ದಾಗ ಮಾತ್ರ." ನಾವು ಜಾಸ್ತಿ ಬೇಡ, ದಿನಕ್ಕೆ ಒಂದೇ ಒಂದು ಗಂಟೆ ಹಿಡಿಯೋಣ. 284 ದಿನಕ್ಕೆ 284 ಗಂಟೆ. ಒಟ್ಟು 2,556 ಆಯ್ತು. ಗಂಟೆಯ ಸಂಬಳ 225ಕ್ಕೆ ಇಳೀತು.

ಇಲ್ಲಿ ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ನಿಂತು ನೋಡೋಣ, ಯಾಕಂದರೆ ಬಹಳ ಜನ "ಆಫೀಸ್ ಕೆಲಸಕ್ಕೆ ಓಟಿ ಇಲ್ಲ" ಅಂತಲೇ ನಂಬಿಕೊಂಡಿದ್ದಾರೆ. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, 1961ರದ್ದು. ಹೆಸರಲ್ಲಿ ಅಂಗಡಿ ಇದ್ದರೂ ಕಚೇರಿಗಳೂ ಇದರೊಳಗೇ ಬರ್ತವೆ. ಈ ಕಾಯ್ದೆಯ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ದಾಟಿದರೆ ಆ ಗಂಟೆಗಳಿಗೆ ಎರಡರಷ್ಟು ಸಂಬಳ. ಓಟಿ ಸೇರಿಸಿದರೂ ದಿನಕ್ಕೆ 10 ಗಂಟೆ ಮೀರಬಾರದು, ಮೂರು ತಿಂಗಳಲ್ಲಿ ಓಟಿ ಒಟ್ಟು 50 ಗಂಟೆ ಮೀರಬಾರದು. ವಾರಕ್ಕೊಂದು ಪೂರ್ತಿ ರಜೆ ಕೊಡಲೇಬೇಕು. ಅಂದರೆ ಆರು ದಿನದ ವಾರ ಕಾನೂನಿಗೆ ವಿರುದ್ಧ ಅಲ್ಲ. ದಿನಕ್ಕೆ 8 ಗಂಟೆಯಂತೆ ಆರು ದಿನಕ್ಕೆ ಸರಿಯಾಗಿ 48. ಗಡಿಯ ಮೇಲೇ ನಿಂತಿದೆ. ಆ ಒಂದು ಗಂಟೆಯ ಸ್ಟ್ರೆಚ್ ಸೇರಿದ ತಕ್ಷಣ ವಾರಕ್ಕೆ 54, ಆರು ಗಂಟೆ ಓಟಿ.

ನಮ್ಮ ಹುಡುಗಿಗೆ ಎಷ್ಟು ಬರಬೇಕಿತ್ತು? 48,000ವನ್ನು 26 ದಿನದಿಂದ, ಆಮೇಲೆ 8 ಗಂಟೆಯಿಂದ ಭಾಗಿಸಿ, ಸುಮಾರು 231 ರೂಪಾಯಿ. ಎರಡರಷ್ಟು ಅಂದರೆ 461 ಚಿಲ್ಲರೆ. ಇಡೀ ಸಂಬಳವನ್ನೇ ಆಧಾರ ಮಾಡಿಕೊಂಡರೆ 284 ಗಂಟೆಗೆ ಸುಮಾರು 1,31,000 ರೂಪಾಯಿ. ಇನ್ನೊಂದು ಗಮನಿಸಿ. 284ನ್ನು ನಾಲ್ಕು ತ್ರೈಮಾಸಿಕಕ್ಕೆ ಹಂಚಿದರೆ 71 ಬರುತ್ತೆ, ಮಿತಿ 50. ಅಂದರೆ ದುಡ್ಡು ಕೊಟ್ಟರೂ ಅಷ್ಟು ಹೊತ್ತು ದುಡಿಸೋ ಹಾಗಿಲ್ಲ. "ದಿನಕ್ಕೆ ಒಂದು ಗಂಟೆ ತಾನೇ" ಅನ್ನೋದು ಎಷ್ಟು ಬೇಗ ಗಡಿ ದಾಟುತ್ತೆ ನೋಡಿ.

ಈ ಮಿತಿಗಳನ್ನು ಏರಿಸೋ ಪ್ರಸ್ತಾವ 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರದಿಂದ ಬಂತು. ದಿನಕ್ಕೆ 10 ಗಂಟೆ, ಓಟಿ ಸೇರಿ 12, ಮೂರು ತಿಂಗಳಿಗೆ ಓಟಿ 144 ಗಂಟೆ. ಐಟಿ ನೌಕರರ ಸಂಘ ಕಿಟು ವಿರೋಧಿಸಿತು. ಹಾಗಾಗಿ ಈ ವಿಡಿಯೋ ನೋಡೋ ಹೊತ್ತಿಗೆ ಜಾರಿಯಲ್ಲಿರೋ ಅಂಕಿ ಯಾವುದು ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ. ಲೆಕ್ಕ ಹಾಕೋ ರೀತಿ ಮಾತ್ರ ಬದಲಾಗಲ್ಲ.

ಕಂಪನಿಗಳು ತಪ್ಪಿಸಿಕೊಳ್ಳೋದು ಹೇಗೆ? ಒಂದು ದಾರಿ, ಹುದ್ದೆಯ ಹೆಸರು. ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿರೋರಿಗೆ ಈ ಕಾಯ್ದೆ ಅನ್ವಯಿಸಲ್ಲ. ಅದಕ್ಕೇ ಕೈಕೆಳಗೆ ಒಬ್ಬರೂ ಇಲ್ಲದ, ಯಾರ ರಜೆಗೂ ಸಹಿ ಹಾಕದ ಜನಕ್ಕೆಲ್ಲ "ಮ್ಯಾನೇಜರ್" ಅಂತ ಪಟ್ಟ ಸಿಗುತ್ತೆ. ವಿವಾದ ಬಂದಾಗ ಕೋರ್ಟು ನೋಡೋದು ನಿಜವಾಗಿ ಮಾಡ್ತಿದ್ದ ಕೆಲಸವನ್ನು, ವಿಸಿಟಿಂಗ್ ಕಾರ್ಡನ್ನಲ್ಲ. ಆದರೆ ಅಲ್ಲಿತನಕ ಹೋಗೋರು ಎಷ್ಟು ಜನ? ಇನ್ನೊಂದು ದಾರಿ ನೇಮಕಾತಿ ಪತ್ರದ ಒಂದು ಸಾಲು: "ನಿಮ್ಮ ಸಂಬಳದಲ್ಲಿ ಹೆಚ್ಚುವರಿ ಗಂಟೆಗಳ ಪ್ರತಿಫಲವೂ ಸೇರಿದೆ." ಆಫರ್ ಲೆಟರ್‌ನಲ್ಲಿ ನಾನು ಮೊದಲು ಹುಡುಕೋದೇ ಈ ಸಾಲನ್ನು.

ಮೂರನೇದು ಆನ್-ಕಾಲ್, ಅಂದರೆ ಆಫೀಸ್ ಹೊತ್ತು ಮುಗಿದ ಮೇಲೂ ಕರೆ ಬಂದರೆ ಕೆಲಸಕ್ಕೆ ಕೂರಬೇಕಾದ ಸರದಿ. ಹೊಸಬರು ಇದನ್ನು ತೀರಾ ಕಡಿಮೆ ಅಂದಾಜು ಮಾಡ್ತಾರೆ.

[ತೆರೆಯ ಮೇಲೆ: ಕ್ಯಾಲೆಂಡರ್, ನಾಲ್ಕು ವಾರಕ್ಕೊಂದು ವಾರ ಕೆಂಪು ಬಣ್ಣ.]

ತಂಡದಲ್ಲಿ ನಾಲ್ಕು ಜನ ಇದ್ದು ಒಬ್ಬೊಬ್ಬರಿಗೆ ಒಂದೊಂದು ವಾರ ಅಂದರೆ ವರ್ಷಕ್ಕೆ 13 ವಾರ ನಿಮ್ಮದು. ಒಬ್ಬರು ಕೆಲಸ ಬಿಟ್ಟರೆ 17ಕ್ಕೆ ಏರುತ್ತೆ, ಹೊಸಬರು ಬರೋ ತನಕ. ಆ ವಾರ ಸರ್ವರ್ ಬಿದ್ದರೆ ಫೋನ್ ಬಡ್ಕೊಳ್ಳುತ್ತೆ, 15 ನಿಮಿಷದೊಳಗೆ ಲ್ಯಾಪ್‌ಟಾಪ್ ತೆರೆದು ಕೂತಿರಬೇಕು ಅನ್ನೋದು ನಿಯಮ ಅಂತಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ ಕೆಲಸ ಬಿತ್ತು. ವರ್ಷಕ್ಕೆ ಬರೀ 26 ಗಂಟೆ. ಗಂಟೆಯ ಸಂಬಳ 225ರಿಂದ 223 ಆಗುತ್ತೆ, ಅಷ್ಟೇ. ಕಾಗದದ ಮೇಲೆ ಇದು ಏನೇನೂ ಅಲ್ಲ.

ಆದರೆ ಕಾಯೋದನ್ನು ಎಣಿಸಿ. ವಾರಕ್ಕೆ 168 ಗಂಟೆ, ಅದರಲ್ಲಿ 54 ಕೆಲಸ. ಉಳಿದ 114 ಗಂಟೆ ಫೋನ್ ಪಕ್ಕದಲ್ಲೇ ಇರಬೇಕು. 13 ವಾರಕ್ಕೆ 1,482 ಗಂಟೆ. ಆ ವಾರ ಊರಿಗೆ ಹೋಗೋ ಹಾಗಿಲ್ಲ, ಹೋದರೆ ದಾರಿಯಲ್ಲಿ ನೆಟ್‌ವರ್ಕ್ ಇಲ್ಲ. ಸಿನಿಮಾಗೆ ಹೋಗೋ ಹಾಗಿಲ್ಲ. ಮದುವೆ ಮನೆಗೆ ಬ್ಯಾಗ್ ಹಾಕಿಕೊಂಡು ಬಂದು, ಎಲೆ ಮುಂದೆ ಕೂತವರು ಎದ್ದು ಹೋಗೋದನ್ನು ನೀವೂ ನೋಡಿರ್ತೀರಿ.

ಈ ಕಾಯೋ ಹೊತ್ತು ಕೆಲಸವೋ ಅಲ್ಲವೋ? ಬೆಲ್ಜಿಯಂನ ನಿವೆಲ್ ಪಟ್ಟಣದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಇದೇ ಪ್ರಶ್ನೆ ಎತ್ತಿದ್ದರು. ಕರೆ ಬಂದರೆ 8 ನಿಮಿಷದಲ್ಲಿ ಠಾಣೆ ಸೇರಬೇಕು ಅಂತ ಅವರಿಗೆ ನಿಯಮ ಇತ್ತು. ಮನೆಯಲ್ಲಿ ಹಾಗೆ ಕಾಯೋದೂ ಕೆಲಸದ ಸಮಯವೇ ಅಂತ ಐರೋಪ್ಯ ಒಕ್ಕೂಟದ ನ್ಯಾಯಾಲಯ 2018ರಲ್ಲಿ ಹೇಳಿತು. ಆ ತೀರ್ಪು ನಮಗೆ ಅನ್ವಯ ಆಗಲ್ಲ. ಆದರೆ ಅದರಲ್ಲಿರೋ ಅಳತೆ ಕೆಲಸಕ್ಕೆ ಬರುತ್ತೆ: ಎಷ್ಟು ನಿಮಿಷದಲ್ಲಿ ಓಡಿ ಬರಬೇಕು? 8 ನಿಮಿಷ ಅಂದರೆ ಆ ಹೊತ್ತು ನಿಮ್ಮದಲ್ಲ. ಎರಡು ಗಂಟೆ ಅಂದರೆ ಬಹುಪಾಲು ನಿಮ್ಮದೇ. ನಮ್ಮ ಹುಡುಗಿಯ 15 ನಿಮಿಷ ಎಂಟರ ಹತ್ತಿರ ಇದೆಯೇ ಹೊರತು ಎರಡು ಗಂಟೆಯ ಹತ್ತಿರ ಅಲ್ಲ.

ಇನ್ನು ಪ್ರಯಾಣ. ಹೋಗಿ ಬರೋಕೆ ದಿನಕ್ಕೆ ಎರಡು ಗಂಟೆ ಸೇರಿಸಿದರೆ ಎಡಗಡೆಯದು 2,320 ಗಂಟೆ, ಬಲಗಡೆಯದು 3,150. ಗಂಟೆಗೆ 207 ಮತ್ತು 183.

[ತೆರೆಯ ಮೇಲೆ: 207 | 183]

ಹಾಗಾದರೆ ಏನು ಕೇಳಬೇಕು? "ವರ್ಕ್-ಲೈಫ್ ಬ್ಯಾಲೆನ್ಸ್ ಹೇಗಿದೆ" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂತಾರೆ. ಅಂಕಿಯಲ್ಲೇ ಉತ್ತರ ಬರೋ ಹಾಗೆ ಕೇಳಿ. ಕಳೆದ ತಿಂಗಳು ಈ ತಂಡ ಎಷ್ಟು ಶನಿವಾರ ಬಂತು? ಆನ್-ಕಾಲ್ ಸರದಿಯಲ್ಲಿ ಈಗ ಎಷ್ಟು ಜನ ಇದ್ದಾರೆ? ಹೋದ ತಿಂಗಳು ರಾತ್ರಿ ಎಷ್ಟು ಕಾಲ್ ಬಂದವು? ರಜೆ ದಿನ ದುಡಿದಿದ್ದಕ್ಕೆ ಕಾಂಪ್-ಆಫ್ ಅಂತ ಬದಲಿ ರಜೆ ಕೊಡ್ತೀರಾ, ಎಷ್ಟು ದಿನದಲ್ಲಿ ಲ್ಯಾಪ್ಸ್ ಆಗುತ್ತೆ? ಇದನ್ನು ಎಚ್‌ಆರ್‌ಗಿಂತ ಮುಂದೆ ನಿಮ್ಮ ಮ್ಯಾನೇಜರ್ ಆಗೋರನ್ನು ಕೇಳಿ, ಸರದಿಯ ಪಟ್ಟಿ ಇರೋದು ಅವರ ಹತ್ತಿರ. ಆನ್-ಕಾಲ್ ಅಥವಾ ಶಿಫ್ಟ್ ಅಲೋಯನ್ಸ್, ಸಿಟಿಸಿ ಅಂತ ಕಂಪನಿ ತೋರಿಸೋ ಒಟ್ಟು ಸಂಬಳದ ಒಳಗಿದೆಯೋ ಹೊರಗಿದೆಯೋ ಅಂತಲೂ ಕೇಳಿ. ಒಳಗಿದ್ದರೆ, 48,000ದಲ್ಲಿ ಒಂದು ಪಾಲು ಆಗಲೇ ರಾತ್ರಿಯ ಕೂಲಿ. ಶಿಫ್ಟ್ ಬದಲಾದ ದಿನ ಅದು ಹೋಗಬಹುದು.

ಅಂಕಿ ಸಿಕ್ಕ ಮೇಲೆ ಚೌಕಾಸಿ ಸುಲಭ. 3,150 ಗಂಟೆಗೆ ಗಂಟೆಯೊಂದಕ್ಕೆ 207 ಬೇಕು ಅಂದರೆ ತಿಂಗಳ ಸಂಬಳ ಸುಮಾರು 54,300 ಆಗಬೇಕು. ಕಾಯೋ ರಾತ್ರಿಗಳನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಅಷ್ಟು ಕೊಡಲ್ಲ ಅಂದರೆ ಒಂದು ಬಿಟ್ಟು ಒಂದು ಶನಿವಾರ ರಜೆ ಕೇಳಬಹುದು. ಆಗ 48,000ಕ್ಕೇ ಗಂಟೆಯದು ಸುಮಾರು 201 ಆಗುತ್ತೆ, ಎಡಗಡೆಯ ಕೆಲಸದ ಹತ್ತಿರ ಬರುತ್ತೆ.

ಎಚ್‌ಆರ್ ಫೋನಲ್ಲಿ "ಆಯ್ತು ಮೇಡಂ, ಮಾಡೋಣ" ಅಂದರೆ ಫೋನಿಟ್ಟ ಕೂಡಲೇ ಒಂದು ಮೇಲ್ ಕಳಿಸಿ: "ನಾವು ಮಾತಾಡಿದಂತೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಆನ್-ಕಾಲ್ ನಾಲ್ಕು ವಾರಕ್ಕೊಮ್ಮೆ ಮಾತ್ರ. ದಯವಿಟ್ಟು ಆಫರ್ ಲೆಟರ್‌ನಲ್ಲಿ ಸೇರಿಸಿ." ಉತ್ತರ ಬರೋ ತನಕ ಈಗಿರೋ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.