ವೈಫಲ್ಯ ಇಳಿದಿದೆ, ವೇಗ ಹೆಚ್ಚಿದೆ, ಕೆಲಸ ನಿಂತಿದೆ: ನಿಗದಿತ ಜಾಬ್‌ಗಳ ತ್ರೈಮಾಸಿಕ ಪರಿಶೀಲನೆ

ಎಲ್ಲರಿಗೂ ನಮಸ್ಕಾರ.

ಮೂರು ತಿಂಗಳಿಗೊಮ್ಮೆ ವ್ಯವಸ್ಥಾಪಕರ ಮುಂದೆ ಒಂದು ಕೋಷ್ಟಕ ಬರುತ್ತದೆ. ಎಡಗಡೆ ಜಾಬ್‌ಗಳ ಹೆಸರು, ಪಕ್ಕದಲ್ಲಿ ಎಷ್ಟು ಬಾರಿ ವಿಫಲವಾಯಿತು, ಎಷ್ಟು ಪಾಲು ರನ್‌ಗಳು ಖಾಲಿ ಹೋದವು, ಒಂದು ರನ್‌ಗೆ ಸರಾಸರಿ ಎಷ್ಟು ಹೊತ್ತು ಹಿಡಿಯಿತು. ಸಭೆ ಮೊದಲ ಅಂಕಣದಲ್ಲೇ ಮುಕ್ಕಾಲು ಸಮಯ ಕಳೆಯುತ್ತದೆ. ಕೆಂಪು ಬಣ್ಣ ಇರುವುದು ಅಲ್ಲಿಯೇ ತಾನೆ. ನಾನು ಇಂದು ಮಾತನಾಡಬೇಕೆಂದಿರುವುದು ಯಾರೂ ನಿಲ್ಲದ ಎರಡನೆಯ ಅಂಕಣದ ಬಗ್ಗೆ. ಜಾಬ್ ಓಡಿತು, ದೋಷವಿಲ್ಲದೆ ಮುಗಿಯಿತು, ಆದರೆ ಸಂಸ್ಕರಿಸಿದ ದಾಖಲೆಗಳು ಸೊನ್ನೆ. ಇದೇ ಖಾಲಿ ರನ್.

ಒಂದು ಜಾಬ್ ಇದೆ ಎಂದುಕೊಳ್ಳೋಣ. ಪ್ರತಿ 15 ನಿಮಿಷಕ್ಕೊಮ್ಮೆ ಎದ್ದು, ಒಂದು ಫೋಲ್ಡರ್‌ನಲ್ಲಿ ಹೊಸ ಫೈಲ್ ಬಂದಿದೆಯೇ ಎಂದು ನೋಡುತ್ತದೆ. ಬಂದಿದ್ದರೆ ಅದನ್ನು ಡೇಟಾಬೇಸ್‌ಗೆ ತುಂಬುತ್ತದೆ, ಇಲ್ಲದಿದ್ದರೆ ಮುಗಿಸಿ ಹೊರಡುತ್ತದೆ. ಫೈಲ್ ಬರುವುದು ಗಂಟೆಗೊಂದು. ಅಂದರೆ ದಿನದ 96 ರನ್‌ಗಳಲ್ಲಿ 24ಕ್ಕೆ ಮಾತ್ರ ಕೆಲಸ, ಉಳಿದ 72 ಖಾಲಿ. ಈ ಜಾಬ್‌ನ ಆರೋಗ್ಯಕರ ಖಾಲಿ ಪ್ರಮಾಣ ಶೇ 75. ಕೆಲಸವಿದ್ದಾಗ 40 ಸೆಕೆಂಡು, ಇಲ್ಲದಾಗ 2 ಸೆಕೆಂಡು ಹಿಡಿಯುತ್ತದೆ, ಸರಾಸರಿ 11.5 ಸೆಕೆಂಡು.

ಈಗ 91 ದಿನಗಳ ತ್ರೈಮಾಸಿಕದಲ್ಲಿ 70ನೆಯ ದಿನ ಮುಗಿದ ಮೇಲೆ, ಫೈಲ್ ಕಳುಹಿಸುವವರು ಬೇರೆ ಫೋಲ್ಡರ್‌ಗೆ ಹಾಕತೊಡಗಿದರು. ನಮಗೆ ತಿಳಿಸಲಿಲ್ಲ, ಅಥವಾ ತಿಳಿಸಿದ ಮಿಂಚಂಚೆ ಯಾರ ಪೆಟ್ಟಿಗೆಯಲ್ಲೋ ಉಳಿಯಿತು. ಜಾಬ್ ಹಳೆಯ ಫೋಲ್ಡರ್ ನೋಡುತ್ತದೆ, ಏನೂ ಇಲ್ಲ, ನಿರ್ಗಮನ ಸಂಕೇತ 0 ಕೊಟ್ಟು ಮಲಗುತ್ತದೆ. ಕೊನೆಯ 21 ದಿನ ಹೀಗೆಯೇ.

ತ್ರೈಮಾಸಿಕದ ಕೋಷ್ಟಕದಲ್ಲಿ ಇದು ಹೇಗೆ ಕಾಣುತ್ತದೆ? ಒಟ್ಟು 8,736 ರನ್‌ಗಳಲ್ಲಿ 7,056 ಖಾಲಿ, ಅಂದರೆ ಶೇ 81. ಹಿಂದೆ 75 ಇತ್ತು. ಆರು ಅಂಶದ ಏರಿಕೆಗೆ ಯಾರೂ ಹುಬ್ಬೇರಿಸುವುದಿಲ್ಲ. ಸರಾಸರಿ ಅವಧಿ 11.5ರಿಂದ 9.3 ಸೆಕೆಂಡಿಗೆ ಇಳಿದಿದೆ. ಫೈಲ್ ಓದುವಾಗ ಮಾತ್ರ ದೋಷ ಬರುವ ಜಾಬ್ ಆದ್ದರಿಂದ, ಓದುವುದೇ ನಿಂತ ಮೇಲೆ ವೈಫಲ್ಯವೂ ಕಡಿಮೆ: ಹಿಂದಿನ ತ್ರೈಮಾಸಿಕದಲ್ಲಿ 9 ಇದ್ದರೆ ಈಗ 7. ಮೂರು ವಾರ ಒಂದೇ ಒಂದು ಫೈಲ್ ತುಂಬದ ಜಾಬ್‌ಗೆ ಸಭೆಯಲ್ಲಿ ಶಹಬ್ಬಾಸ್‌ಗಿರಿ ಸಿಗುತ್ತದೆ. 504 ಫೈಲ್‌ಗಳು ಬೇರೆಲ್ಲೋ ಬಿದ್ದಿರುತ್ತವೆ.

ಇದು ಬೆಳಕಿಗೆ ಬರಬೇಕಾದರೆ ಎರಡು ಬದಲಾವಣೆ ಸಾಕು. ಖಾಲಿ ಪ್ರಮಾಣವನ್ನು ವಾರವಾರಕ್ಕೆ ಒಡೆಯಬೇಕು. ಅವಧಿಯನ್ನು ಕೆಲಸವಿದ್ದ ರನ್‌ಗಳಿಗೆ ಮಾತ್ರ ಲೆಕ್ಕ ಹಾಕಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ರನ್‌ಗಳ ದಾಖಲೆ ಇದ್ದರೆ ಇಷ್ಟೇ:

```sql
SELECT job, date_trunc('week', started_at) AS wk,
  count(*) AS runs,
  count(*) FILTER (WHERE status = 'failed') AS failed,
  count(*) FILTER (WHERE status = 'ok' AND done = 0) AS empty_runs,
  percentile_cont(0.95) WITHIN GROUP (ORDER BY secs)
    FILTER (WHERE done > 0) AS p95
FROM job_runs
GROUP BY 1, 2;
```

`empty_runs` ಅನ್ನು `runs`ನಿಂದ ಭಾಗಿಸಿದರೆ ನಮ್ಮ ಜಾಬ್‌ಗೆ ಹತ್ತು ವಾರ ಶೇ 75 ಬರುತ್ತದೆ, ನಂತರದ ಮೂರು ವಾರ ಶೇ 100. ಕೊನೆಯ ಅಂಕಣದಲ್ಲಿ ಹತ್ತು ವಾರ 40 ಸೆಕೆಂಡಿನ ಆಸುಪಾಸು, ಆಮೇಲೆ ಬರಿದು. ವೇಗ ಹೆಚ್ಚಿತ್ತು ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ. ತ್ರೈಮಾಸಿಕಕ್ಕೆ ಕಾಯದೆ ಅಂದೇ ಎಚ್ಚರಿಕೆ ಬರಬೇಕಲ್ಲವೇ ಎಂದು ನೀವು ಕೇಳಬಹುದು. ಬರಬೇಕು. ಆದರೆ ಯಾವ ಜಾಬ್‌ಗೆ ಎಷ್ಟು ಹೊತ್ತು ಖಾಲಿ ಇದ್ದರೆ ಎಚ್ಚರಿಸಬೇಕು ಎಂಬ ಮಿತಿಯನ್ನು ಯಾರೋ ಕುಳಿತು ನಿರ್ಧರಿಸಬೇಕು. ಆ ನಿರ್ಧಾರಕ್ಕೆ ಸರಿಯಾದ ಜಾಗ ಈ ಸಭೆಯೇ. ಗಂಟೆಗೊಂದು ಫೈಲ್ ಬರುವ ಕಡೆ ಸತತ ಮೂರು ಖಾಲಿ ರನ್ ಸಹಜ. ಹನ್ನೆರಡಾದರೆ ಮೂರು ಗಂಟೆ ಫೈಲ್ ಇಲ್ಲ ಎಂದರ್ಥ, ಯಾರಾದರೂ ನೋಡಲೇಬೇಕು.

ಇಲ್ಲಿ ಒಂದು ತೊಡಕಿದೆ. ಎಲ್ಲ ಜಾಬ್‌ಗಳಿಗೂ ಒಂದೇ ಮಿತಿ ಇಟ್ಟು, ಶೇ 90 ದಾಟಿದ್ದನ್ನೆಲ್ಲ ಕೆಂಪಾಗಿಸುವ ಕೋಷ್ಟಕಗಳನ್ನು ಬಹಳ ಕಡೆ ನೋಡಿದ್ದೇನೆ. ಅವು ನಿರುಪಯುಕ್ತ ಎನ್ನಲು ನನಗೆ ಸಂಕೋಚವಿಲ್ಲ. ಮರುಪಾವತಿ ಕೋರಿಕೆಗಾಗಿ ಪ್ರತಿ ನಿಮಿಷ ಕಾಯುವ ಜಾಬ್ ಶೇ 99 ಖಾಲಿ ಇರುವುದೇ ನ್ಯಾಯ. ದಿನದ ಬಿಲ್ ತಯಾರಿಸುವ ಜಾಬ್ ಒಂದೇ ಒಂದು ರಾತ್ರಿ ಖಾಲಿ ಹೋದರೂ ಅದು ಸುದ್ದಿ. ಆದ್ದರಿಂದ ಪ್ರತಿ ಜಾಬ್‌ನ ಹೆಸರಿನ ಪಕ್ಕದಲ್ಲಿ ಅದರ ನಿರೀಕ್ಷಿತ ಖಾಲಿ ಪ್ರಮಾಣವನ್ನು ಅದರ ಹೊಣೆಗಾರರೇ ಬರೆದಿರಬೇಕು. ಬರೆಯಲು ಯಾರೂ ಸಿಗದಿದ್ದರೆ ಆ ಜಾಬ್‌ಗೆ ವಾರಸುದಾರರಿಲ್ಲ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಖಾಲಿ ಎಂದ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ. ಬಂದದ್ದೇ ಇಲ್ಲವೋ, ಬಂದದ್ದನ್ನೆಲ್ಲ ಜಾಬ್ ತಳ್ಳಿಹಾಕಿತೋ? ದಿನಾಂಕದ ನಮೂನೆ ಬದಲಾದರೆ, ಪ್ರತಿ ಸಾಲೂ "ಅಮಾನ್ಯ" ಎಂದು ಸೋಸಿಹೋಗಿ ಕೊನೆಗೆ ಸೊನ್ನೆ ಉಳಿಯುತ್ತದೆ, ದೋಷ ಮಾತ್ರ ಇಲ್ಲ. ಹಾಗಾಗಿ ಪ್ರತಿ ರನ್ ಎರಡು ಸಂಖ್ಯೆ ದಾಖಲಿಸಲಿ: ಎಷ್ಟು ಕಂಡಿತು, ಎಷ್ಟು ಮುಗಿಸಿತು. ಕಂಡದ್ದು 0, ಮುಗಿಸಿದ್ದು 0 ಆದರೆ ಕಳುಹಿಸುವವರನ್ನು ಕೇಳಿ. ಕಂಡದ್ದು 4,000, ಮುಗಿಸಿದ್ದು 0 ಆದರೆ ನಮ್ಮ ಕೋಡ್ ತೆರೆಯಿರಿ.

ಹಾಗೆಂದು ವೈಫಲ್ಯದ ಅಂಕಣವನ್ನು ಬಿಡಬೇಕೆಂದಲ್ಲ. ಐದು ನಿಮಿಷಕ್ಕೊಮ್ಮೆ ಓಡುವ ಜಾಬ್, ನೆಟ್‌ವರ್ಕ್ ಆರು ಗಂಟೆ ಕೈಕೊಟ್ಟರೆ 72 ವೈಫಲ್ಯ ತೋರಿಸುತ್ತದೆ. ನಿಜಕ್ಕೂ ಆದದ್ದು ಒಂದು ಘಟನೆ. ತಿಂಗಳಿಗೊಮ್ಮೆ ಲೆಕ್ಕ ಮುಚ್ಚುವ ಜಾಬ್ ಒಮ್ಮೆ ಬಿದ್ದರೆ ಸಂಖ್ಯೆ 1, ಪಟ್ಟಿಯ ತಳದಲ್ಲಿ. ಅದರ ಮೂರನೆಯ ಒಂದು ಭಾಗ ಕೆಲಸ ಹೋಗಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಘಟನೆಗಳನ್ನು ಎಣಿಸಿ. ಜೊತೆಗೆ, ಓಡಬೇಕಾಗಿದ್ದು ಎಷ್ಟು, ಓಡಿದ್ದು ಎಷ್ಟು ಎಂದೂ ಬರೆಯಿರಿ. ಯಂತ್ರ ಆಫ್ ಆಗಿದ್ದಾಗ ತಪ್ಪಿದ ರನ್‌ಗಳನ್ನು ಸಾಮಾನ್ಯ `cron` ಮತ್ತೆ ಓಡಿಸುವುದಿಲ್ಲ. ಓಡದ ಜಾಬ್ ವಿಫಲವೂ ಅಲ್ಲ, ಖಾಲಿಯೂ ಅಲ್ಲ, ದಾಖಲೆಯಲ್ಲೇ ಇರುವುದಿಲ್ಲ. 91ರ ಜಾಗದಲ್ಲಿ 88 ಕಂಡಾಗಲೇ ಅದು ಸಿಕ್ಕಿಬೀಳುವುದು.

ಕೊನೆಯದಾಗಿ ಅವಧಿ. ರಾತ್ರಿ ಒಂದು ಗಂಟೆಗೆ ಶುರುವಾಗುವ ಜಾಬ್‌ನ ಫಲಿತಾಂಶವನ್ನು ನಂಬಿ ಮೂರು ಗಂಟೆಗೆ ಇನ್ನೊಂದು ಶುರುವಾಗುತ್ತದೆ ಎನ್ನಿ. ನಡುವೆ 120 ನಿಮಿಷ. ತ್ರೈಮಾಸಿಕದ ಆರಂಭದಲ್ಲಿ ಮೊದಲನೆಯದಕ್ಕೆ 70 ನಿಮಿಷ ಹಿಡಿಯುತ್ತಿತ್ತು, ಈಗ 105. ಒಂದು ರಾತ್ರಿಯೂ ವಿಫಲವಾಗಿಲ್ಲ. ಇದೇ ಗತಿಯಲ್ಲಿ ಸಾಗಿದರೆ ಉಳಿದ 15 ನಿಮಿಷ ಸುಮಾರು ಆರು ವಾರಕ್ಕೆ ಮುಗಿಯುತ್ತದೆ, ಮುಂದಿನ ಸಭೆಗಿಂತ ಮೊದಲೇ. ಆಮೇಲೆ ಎರಡನೆಯ ಜಾಬ್ ಅರ್ಧಂಬರ್ಧ ಡೇಟಾ ಓದಿ, "ಯಶಸ್ವಿ" ಎಂದು ಬರೆದುಕೊಳ್ಳುತ್ತದೆ. ಆ ಜಾಬ್ ಗಡಿಯಾರ ನೋಡಿ ಹೊರಡುವುದನ್ನು ಬಿಟ್ಟು, ಮೊದಲನೆಯದು ಮುಗಿದ ಸೂಚನೆ ಬಂದ ಮೇಲೆ ಹೊರಡುವಂತೆ ಬದಲಿಸಲು ಈ ಸಭೆಯಲ್ಲೇ ಹೆಸರು, ದಿನಾಂಕ ಹಾಕಿಕೊಳ್ಳಬೇಕು. ನಾನಾದರೆ ಕೋಷ್ಟಕದಲ್ಲಿ ನಿಮಿಷಗಳ ಬದಲು "ಸಿಕ್ಕ ಸಮಯದಲ್ಲಿ ಶೇ 88 ಬಳಕೆ" ಎಂದೇ ಬರೆಸುತ್ತೇನೆ. ಜಾಬ್‌ನ ಒಳಹೊರಗು ಗೊತ್ತಿಲ್ಲದವರಿಗೂ ಅಷ್ಟು ಅರ್ಥವಾಗುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ.