ಕೇಸ್ ಸ್ಟಡಿಗೆ ಒಪ್ಪಿಗೆ ಕೇಳುವಾಗ ಗ್ರಾಹಕರಿಗೆ ಏನೇನು ಹೇಳಬೇಕು

ನಮಸ್ಕಾರ. ನಿಮ್ಮ ಕೆಲಸದಿಂದ ಗ್ರಾಹಕರೊಬ್ಬರಿಗೆ ಒಳ್ಳೆಯ ಲಾಭವಾಗಿದೆ. ಅದನ್ನು ಕೇಸ್ ಸ್ಟಡಿಯಾಗಿ ಬರೆದು ಬೇರೆಯವರಿಗೆ ತೋರಿಸುವ ಆಸೆ ನಿಮಗೆ. ಆಗ ಹೆಚ್ಚಿನವರು ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸುತ್ತಾರೆ: "ಸಾರ್, ನಿಮ್ಮ ಬಗ್ಗೆ ಒಂದು ಕೇಸ್ ಸ್ಟಡಿ ಹಾಕ್ತೀವಿ, ಆಗಬಹುದಾ?" ಅತ್ತ ಕಡೆಯಿಂದ "ಆಯ್ತು" ಎಂದು ಬರುತ್ತದೆ. ನನ್ನ ಪ್ರಕಾರ ಅದು ಒಪ್ಪಿಗೆಯೇ ಅಲ್ಲ. ತಾವು ಯಾವುದಕ್ಕೆ ಹೂಂ ಅಂದೆವು ಎಂಬುದು ಅವರಿಗೆ ಗೊತ್ತಿಲ್ಲ, ಗೊತ್ತಾಗುವಂತೆ ನೀವು ಹೇಳಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿನ ಏರ್ ಕಂಪ್ರೆಸರ್ ಪೈಪುಗಳಲ್ಲಿ ಗಾಳಿ ಸೋರುತ್ತಿತ್ತು. ನಿಮ್ಮ ಸಂಸ್ಥೆ ಸೋರಿಕೆ ಹುಡುಕಿ ಮುಚ್ಚಿತು, ಬೇಕಿಲ್ಲದಷ್ಟು ಏರಿಸಿಟ್ಟಿದ್ದ ಒತ್ತಡವನ್ನು ಇಳಿಸಿತು. ಕಂಪ್ರೆಸರ್‌ಗೆ ಮಾತ್ರ ತಗಲುತ್ತಿದ್ದ ಕರೆಂಟ್ ಖರ್ಚು ತಿಂಗಳಿಗೆ 1,00,000 ರೂಪಾಯಿಯಿಂದ 75,000ಕ್ಕೆ ಇಳಿಯಿತು ಎಂದುಕೊಳ್ಳಿ. "ವರ್ಷಕ್ಕೆ 3 ಲಕ್ಷ ಉಳಿತಾಯ" ಎಂಬ ಶೀರ್ಷಿಕೆ ನಿಮ್ಮ ಕಣ್ಣಿಗೆ ಕಟ್ಟುತ್ತದೆ.

ಆದರೆ ಆ ಶೀರ್ಷಿಕೆಯನ್ನು ಬೇರೆ ಯಾರು ಓದುತ್ತಾರೆ, ಯೋಚಿಸಿ. ಆ ಕಾರ್ಖಾನೆಯಿಂದ ಮಾಲು ಕೊಳ್ಳುವ ದೊಡ್ಡ ವಾಹನ ಕಂಪನಿಯ ಪರ್ಚೇಸ್ ವಿಭಾಗವೂ ಓದಬಹುದು. ಈ ವ್ಯವಹಾರದಲ್ಲಿ ದರ ಇಳಿಸಿ ಎಂಬ ಒತ್ತಡ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. "ನಿಮಗೆ 3 ಲಕ್ಷ ಉಳಿದಿದೆಯಲ್ಲ, ನಮ್ಮ ದರದಲ್ಲಿ ಎಷ್ಟು ಬಿಡುತ್ತೀರಿ?" ಎಂದು ಮುಂದಿನ ಮಾತುಕತೆಯಲ್ಲಿ ಅವರು ಕೇಳಿದರೆ, ನಿಮ್ಮ ಗ್ರಾಹಕರಿಗೆ ಸಿಕ್ಕ ಲಾಭ ನಿಮ್ಮ ಜಾಹೀರಾತಿನಿಂದಲೇ ಕೈತಪ್ಪಿ ಹೋಗುತ್ತದೆ. ಒಪ್ಪಿಗೆ ಕೇಳುವಾಗ ಇದನ್ನು ಮೊದಲೇ ಅವರ ಮುಂದಿಡುವುದು ನಿಮ್ಮ ಕರ್ತವ್ಯ ಎಂದು ನಾನು ನಂಬುತ್ತೇನೆ. ಪರಿಹಾರ ಕಷ್ಟದ್ದಲ್ಲ. ರೂಪಾಯಿ ಲೆಕ್ಕ ಬಿಟ್ಟು "ಕಂಪ್ರೆಸರ್ ಬಳಸುವ ವಿದ್ಯುತ್ ಶೇ. 25 ಕಡಿಮೆಯಾಯಿತು" ಎಂದು ಬರೆಯಬಹುದು. ಆ ಶೇಕಡಾವಾರು ಕೂಡ ಸುಮ್ಮನೆ ಎರಡು ಬಿಲ್ ಪಕ್ಕಪಕ್ಕ ಇಟ್ಟು ತೆಗೆದದ್ದಾಗಬಾರದು. ಆರ್ಡರ್ ಕಡಿಮೆ ಇದ್ದ ತಿಂಗಳಲ್ಲಿ ಕರೆಂಟ್ ತಾನಾಗಿಯೇ ಇಳಿದಿರುತ್ತದೆ. ಸಾವಿರ ಬಿಡಿಭಾಗಕ್ಕೆ ಎಷ್ಟು ಯುನಿಟ್ ಎಂದು, ಕೆಲಸಕ್ಕೆ ಮೊದಲಿನ ಮೂರು ತಿಂಗಳನ್ನೂ ಆಮೇಲಿನ ಮೂರು ತಿಂಗಳನ್ನೂ ಹೋಲಿಸಿ ನೋಡಿ. ಹಾಗಾಗಿಯೇ ಕೆಲಸ ಮುಗಿದ ದಿನವೇ ಕೇಸ್ ಸ್ಟಡಿ ಕೇಳಲು ಹೋಗಬಾರದು, ಮೂರು ಬಿಲ್ ಬರುವವರೆಗೆ ಕಾಯಬೇಕು.

ಇನ್ನು ಯಾರನ್ನು ಕೇಳಬೇಕು? ನಿಮ್ಮ ಜೊತೆ ಓಡಾಡಿದ ಮೇಂಟೆನೆನ್ಸ್ ಮ್ಯಾನೇಜರ್ ಖುಷಿಯಿಂದ ಹೂಂ ಅನ್ನುತ್ತಾರೆ. ಸಂಸ್ಥೆಯ ಹೆಸರು, ಲೋಗೋ ಕೊಡುವ ಅಧಿಕಾರ ಅವರಿಗಿರುವುದಿಲ್ಲ. ಮಾಲೀಕರೋ ಪಾಲುದಾರರೋ ನಿರ್ದೇಶಕರೋ ಒಪ್ಪಬೇಕು. ಮೊದಲು ಮ್ಯಾನೇಜರ್ ಹತ್ತಿರ ಮಾತಾಡಿ, ಅವರ ಮೂಲಕವೇ ಮಾಲೀಕರಿಗೆ ಪತ್ರ ಹೋಗಲಿ. ಅವರನ್ನು ದಾಟಿ ಹೋದರೆ ಅವರಿಗೆ ಮುಜುಗರ, ನಿಮಗೆ ನಷ್ಟ. "ಮೊದಲು ಇಲ್ಲಿ ಎಲ್ಲ ಸೋರುತ್ತಿತ್ತು" ಎಂದು ನೀವು ಬರೆಯುವುದು ಅವರ ವಿಭಾಗದ ಬಗ್ಗೆ ಎಂಬುದನ್ನೂ ಮರೆಯಬೇಡಿ. ಸಮಸ್ಯೆಯನ್ನು ಯಾವ ಮಾತಿನಲ್ಲಿ ಹೇಳಿದರೆ ಅವರಿಗೆ ಒಪ್ಪಿಗೆ ಎಂದು ಅವರನ್ನೇ ಕೇಳಿ.

ಪತ್ರ ಹೇಗಿರಬೇಕು? ಹೀಗೆ ಬರೆಯಬಹುದು:

"ಮಾನ್ಯರೇ, ನಿಮ್ಮ ಕಾರ್ಖಾನೆಯಲ್ಲಿ ನಾವು ಮಾಡಿದ ಕಂಪ್ರೆಸರ್ ಕೆಲಸದ ಬಗ್ಗೆ ಎರಡು ಪುಟದ ಕೇಸ್ ಸ್ಟಡಿ ಬರೆಯಲು ನಿಮ್ಮ ಒಪ್ಪಿಗೆ ಕೋರುತ್ತೇವೆ. ಇದನ್ನು ನಮ್ಮ ವೆಬ್‌ಸೈಟ್‌ನಲ್ಲಿ ಹಾಕುತ್ತೇವೆ, ಹೊಸ ಗ್ರಾಹಕರಿಗೆ ಪಿಡಿಎಫ್ ಆಗಿ ಕಳಿಸುತ್ತೇವೆ. ಬೇರೆಲ್ಲೂ ಬಳಸುವುದಿದ್ದರೆ ಮತ್ತೆ ಕೇಳುತ್ತೇವೆ. ನಿಮ್ಮವರೊಂದಿಗೆ ಅರ್ಧ ಗಂಟೆಯ ಮಾತುಕತೆ ಸಾಕು. ಸಂಸ್ಥೆಯ ಹೆಸರು, ಲೋಗೋ, ಫೋಟೋ, ಅಂಕಿ-ಅಂಶ, ಈ ನಾಲ್ಕರಲ್ಲಿ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ಬೇರೆ ಬೇರೆಯಾಗಿ ತಿಳಿಸಿ. ಬರೆದದ್ದನ್ನು ನಿಮಗೆ ತೋರಿಸಿ, ನೀವು ಲಿಖಿತವಾಗಿ ಒಪ್ಪಿದ ಮೇಲೆಯೇ ಪ್ರಕಟಿಸುತ್ತೇವೆ. ಎರಡು ವರ್ಷಗಳ ನಂತರ ಮುಂದುವರಿಸಬೇಕೇ ಎಂದು ಮತ್ತೆ ಕೇಳುತ್ತೇವೆ. ಬೇಡ ಎಂದರೂ ನಮ್ಮ ಸೇವೆಯಲ್ಲಾಗಲಿ ದರದಲ್ಲಾಗಲಿ ವ್ಯತ್ಯಾಸವಾಗುವುದಿಲ್ಲ."

ಈ ನಾಲ್ಕನ್ನು ಬೇರೆ ಬೇರೆಯಾಗಿ ಕೇಳುವುದರಿಂದ ನಿಮಗೇ ಅನುಕೂಲ. ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಕಟ್ಟಿದರೆ, ಫೋಟೋ ಬೇಡ ಅನ್ನುವವರು ಇಡೀ ಪತ್ರಕ್ಕೇ ಬೇಡ ಅಂದುಬಿಡುತ್ತಾರೆ. ಫೋಟೋ ವಿಷಯದಲ್ಲಿ ಅವರ ಹಿಂಜರಿಕೆಗೆ ಕಾರಣವೂ ಇದೆ. ಹಿಂದಿನ ಗೋಡೆಯ ಮೇಲೆ ಡ್ರಾಯಿಂಗ್ ತೂಗುಹಾಕಿರುತ್ತದೆ, ಮೇಜಿನ ಮೇಲೆ ಇನ್ನೂ ಮಾರುಕಟ್ಟೆಗೆ ಬಾರದ ವಾಹನದ ಭಾಗ ಇರುತ್ತದೆ. ವಾಹನ ಕಂಪನಿಯೊಂದಿಗೆ ಅವರು ಗೋಪ್ಯತೆಯ ಕರಾರಿಗೆ ಸಹಿ ಹಾಕಿರಬಹುದು. ಕಂಪ್ರೆಸರ್ ಕೋಣೆಯಲ್ಲಿ ಮಾತ್ರ ಫೋಟೋ ತೆಗೆದು, ತೆಗೆದ ಅಷ್ಟನ್ನೂ ಅಲ್ಲೇ ಅವರಿಗೆ ತೋರಿಸಿ.

ಫೋಟೋದಲ್ಲಿ ಕೆಲಸಗಾರರ ಮುಖ ಇದ್ದರೆ, ಯಾರದಾದರೂ ಹೆಸರಿನಲ್ಲಿ ಮಾತು ಹಾಕುವುದಿದ್ದರೆ, ಮಾಲೀಕರ ಸಹಿ ಸಾಲದು. ಆಯಾ ವ್ಯಕ್ತಿಯನ್ನೇ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವ ಪ್ರಕಾರ ಒಪ್ಪಿಗೆ ಒತ್ತಾಯವಿಲ್ಲದ್ದಾಗಿರಬೇಕು, ಯಾವ ಉದ್ದೇಶಕ್ಕೆ ಎಂಬುದು ನಿರ್ದಿಷ್ಟವಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲೂ ಬರಬೇಕು. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷ್‌ನಲ್ಲೋ, ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಅನುಸೂಚಿಯ ಯಾವುದಾದರೂ ಭಾಷೆಯಲ್ಲೋ ಓದುವ ಆಯ್ಕೆಯನ್ನೂ ಕಾಯ್ದೆ ಕೊಡುತ್ತದೆ. ಯಂತ್ರದ ಮುಂದೆ ನಿಂತವರಿಗೆ ಇಂಗ್ಲಿಷ್ ಫಾರಂ ಕೊಟ್ಟು ಸಹಿ ಮಾಡಿಸುವುದು, ಕಾನೂನಿನ ಮಾತು ಹಾಗಿರಲಿ, ಮರ್ಯಾದೆಯ ಕೆಲಸವಲ್ಲ.

ಕರಡು ಕಳಿಸುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. "ಏಳು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಇದೆ ಎಂದು ಭಾವಿಸುತ್ತೇವೆ" ಎಂದು ಕೊನೆಗೆ ಸೇರಿಸುತ್ತಾರೆ. ಉತ್ತರ ಬರಲಿಲ್ಲ ಅಂದರೆ ಅವರು ಓದಿಲ್ಲ ಅಥವಾ ಬೇಡ ಅನ್ನಲು ಸಂಕೋಚಪಡುತ್ತಿದ್ದಾರೆ. ಎರಡನೆಯದಾಗಿದ್ದರೆ ಫೋನ್ ಮಾಡಿ ನೀವೇ ದಾರಿ ಬಿಟ್ಟುಕೊಡಿ: "ಸಾರ್, ಹೆಸರು ಬೇಡ ಅನ್ನಿಸಿದರೆ 'ಬೆಂಗಳೂರಿನ ಬಿಡಿಭಾಗ ಕಾರ್ಖಾನೆ' ಎಂದಷ್ಟೇ ಹಾಕ್ತೀವಿ." ಆದರೆ ಅವರು ಮಾಡುವ ಭಾಗವನ್ನು ಊರಲ್ಲಿ ಇನ್ಯಾರೂ ಮಾಡದಿದ್ದರೆ, ಭಾಗದ ಹೆಸರು ಕಂಡ ಕೂಡಲೇ ಕಾರ್ಖಾನೆಯ ಗುರುತು ಸಿಕ್ಕಿಬಿಡುತ್ತದೆ. ಅದನ್ನೂ ತೆಗೆಯಿರಿ.

ಒಪ್ಪಿದರೆ ರಿಯಾಯಿತಿ ಕೊಡುತ್ತೇವೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ಹೇಳಿಸಿದ ಮಾತು ಎಂಬ ಅನುಮಾನ ಓದುಗರಿಗೆ ಬಂದರೆ ಅಂಕಿಗಳಿಗೂ ಬೆಲೆ ಇಲ್ಲ. ಈಗಾಗಲೇ ಕೊಟ್ಟಿದ್ದರೆ ಆ ವಿಷಯವನ್ನು ಕೇಸ್ ಸ್ಟಡಿಯಲ್ಲೇ ಸ್ಪಷ್ಟವಾಗಿ ಬರೆಯಿರಿ.

ಹಿಂಪಡೆಯುವ ಬಗ್ಗೆ ಇರುವುದನ್ನು ಇದ್ದಂತೆ ಹೇಳಿ. ವೆಬ್‌ಸೈಟ್‌ನಿಂದ ಎರಡು ದಿನದಲ್ಲಿ ತೆಗೆಯಬಹುದು, ಈಗಾಗಲೇ ಬೇರೆಯವರ ಕೈ ಸೇರಿದ ಪಿಡಿಎಫ್ ವಾಪಸ್ ಬರುವುದಿಲ್ಲ. ಈ ಮಾತು ಪತ್ರದಲ್ಲೇ ಇರಲಿ, ಆಮೇಲೆ ಹೇಳಿದರೆ ಮೋಸ ಅನ್ನಿಸುತ್ತದೆ.

ಇನ್ನೊಂದು ವಿಷಯ. ಕೇಸ್ ಸ್ಟಡಿಗೆ ಒಪ್ಪಿದವರ ಫೋನ್ ನಂಬರನ್ನು ಸೇಲ್ಸ್‌ನವರು ಹೊಸ ಗ್ರಾಹಕರಿಗೆ ಕೊಡಲು ಶುರು ಮಾಡುತ್ತಾರೆ, "ಬೇಕಿದ್ದರೆ ಅವರನ್ನೇ ಕೇಳಿ" ಎಂದು. ಅದಕ್ಕೆ ಅವರು ಒಪ್ಪಿರಲಿಲ್ಲ. ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಕೇಳಿ, ತಿಂಗಳಿಗೆ ಎಷ್ಟು ಕರೆ ಎಂದು ಅವರೇ ಹೇಳಲಿ, ಪ್ರತಿ ಸಲವೂ ನಂಬರ್ ಕೊಡುವ ಮೊದಲು ಅವರಿಗೊಂದು ಫೋನ್ ಮಾಡಿ.